ತಿಂಗಳಿಗೊಂದು ಅಳತೆಯ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಆ ಮಾತಿನಲ್ಲೊಂದು ಊಹೆ ಅಡಗಿದೆ ಎಂಬುದು ಮಾತ್ರ ಗಾಜಿಯಾಬಾದಿನ ವೈಶಾಲಿಗೆ ಬಂದು ಸಂಸಾರ ಹೂಡಿ, ಇದ್ದ ಒಂದು ಸಂಬಳವನ್ನೂ ಬಿಟ್ಟ ಮೇಲೆಯೇ ನಮಗೆ ಹೊಳೆದದ್ದು. ಹಾಸಿಗೆಯ ಉದ್ದ ಇವತ್ತು ಇದ್ದಷ್ಟೇ ನಾಳೆಯೂ ಇರುತ್ತದೆ ಎಂಬುದು ಆ ಊಹೆ. ನಮ್ಮ ಮನೆಯ ಹಾಸಿಗೆಯಾದರೋ ಏಪ್ರಿಲ್ ತಿಂಗಳಲ್ಲಿ ಕೋಣೆಯ ತುಂಬ ಹರಡಿಕೊಳ್ಳುತ್ತದೆ, ಜೂನ್ ಬರುವಷ್ಟರಲ್ಲಿ ಮೊಣಕಾಲಿಗೆ ಮೊಟಕಾಗುತ್ತದೆ.

ನಮ್ಮಲ್ಲೊಬ್ಬರು ಅನುವಾದ ಮತ್ತು ಉಪಶೀರ್ಷಿಕೆಯ ಕೆಲಸ ಮಾಡುವವರು; ಇನ್ನೊಬ್ಬರು ಮನೆಯಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುವವರು. 2022ರ ಮಾರ್ಚಿನವರೆಗೆ ಮೊದಲನೆಯವರಿಗೆ ಒಂದು ಪ್ರಕಾಶನ ಸಂಸ್ಥೆಯ ಸಂಬಳವಿತ್ತು. ಅದನ್ನು ಬಿಟ್ಟ ನಂತರ ಮನೆಗೆ ಹಣ ಬರುವ ದಾರಿ ಎರಡೇ, ಎರಡೂ ಋತುಮಾನಕ್ಕೆ ಸಿಕ್ಕಿಬಿದ್ದವು. ಅನುವಾದದ ಬಿಲ್ಲುಗಳು ಮಾರ್ಚ್ ಕೊನೆಗೆ, ಕಚೇರಿಗಳು ವರ್ಷದ ಲೆಕ್ಕ ಮುಗಿಸುವ ಆತುರದಲ್ಲಿ, ಒಮ್ಮೆಲೇ ತೀರುತ್ತವೆ. ಮಿಕ್ಕ ಕಾಲದಲ್ಲಿ ಅರವತ್ತು, ತೊಂಬತ್ತು ದಿನ ಕಾಯಿಸುತ್ತವೆ. ಸಂಗೀತದ ಮಕ್ಕಳು ಮೇ ನಡುವಿನಿಂದ ಜೂನ್ ಕೊನೆಯವರೆಗೆ ಅಜ್ಜಿಯ ಮನೆಗೆ ಹೋಗುತ್ತಾರೆ. ಬಿಸಿಗಾಳಿ ಬೀಸುವ ಆ ಆರು ವಾರಗಳಲ್ಲೇ ನಮ್ಮ ವಿದ್ಯುತ್ ಬಿಲ್ಲು ಇಮ್ಮಡಿಯಾಗುವುದು. ಗಡಿಯಾಚೆ ದೆಹಲಿ ರಾಜ್ಯದಲ್ಲಿ 200 ಯೂನಿಟ್ಟಿನೊಳಗೆ ಬಳಸಿದ ಮನೆಗೆ ಬಿಲ್ಲೇ ಇಲ್ಲ. ಮೆಟ್ರೋದ ನೀಲಿ ಮಾರ್ಗ ನಮ್ಮವರೆಗೆ ಬಂದಿದೆಯಾದರೂ ಆ ಸೌಲಭ್ಯ ಬಂದಿಲ್ಲ. ಅದಿರಲಿ.

ಆ ವರ್ಷವನ್ನು ಹಳೆಯ ಉಳಿತಾಯದ ಮೇಲೆ ದೂಡಿದೆವು. 2023ರ ಏಪ್ರಿಲ್‌ನಲ್ಲಿ ಇನ್ನು ಕ್ರಮಬದ್ಧವಾಗಿ ನಡೆಯಬೇಕೆಂದು ನಿರ್ಧರಿಸಿ, ಎಲ್ಲರ ಬಾಯಲ್ಲೂ ಇರುವ ಐವತ್ತು–ಮೂವತ್ತು–ಇಪ್ಪತ್ತರ ಸೂತ್ರವನ್ನು ಕೈಗೆತ್ತಿಕೊಂಡೆವು. ತೆರಿಗೆ ಕಳೆದು ಕೈಗೆ ಬಂದ ಹಣದಲ್ಲಿ ಅರ್ಧ ಅಗತ್ಯಕ್ಕೆ, ಶೇಕಡ 30 ಬಯಕೆಗೆ, ಶೇಕಡ 20 ಉಳಿತಾಯಕ್ಕೆ ಮತ್ತು ಸಾಲ ತೀರಿಸುವುದಕ್ಕೆ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು ಅಮೆಲಿಯಾ ವಾರನ್ ತ್ಯಾಗಿ, 2005ರಲ್ಲಿ ಹೊರಬಂದ ‘ಆಲ್ ಯುವರ್ ವರ್ತ್’ ಎಂಬ ಪುಸ್ತಕದಲ್ಲಿ. ವಾರನ್ ಆಗ ಹಾರ್ವರ್ಡಿನಲ್ಲಿ ಕಾನೂನಿನ ಪ್ರಾಧ್ಯಾಪಕರು. ದಿವಾಳಿಯೆದ್ದ ಕುಟುಂಬಗಳ ಅಧ್ಯಯನ ಅವರ ಕ್ಷೇತ್ರ. ಸೆನೆಟರ್ ಆದದ್ದು ಆಮೇಲೆ. ಈ ಹಿನ್ನೆಲೆ ಗೊತ್ತಿದ್ದಿದ್ದರೆ ನಾವು ಸೂತ್ರವನ್ನು ಬೇರೆ ಬಗೆಯಲ್ಲಿ ಓದುತ್ತಿದ್ದೆವೋ ಏನೋ. ಆಗ ನಮಗೆ ಗೊತ್ತಿದ್ದದ್ದು ಮೂರು ಅಂಕಿಗಳು ಮಾತ್ರ.

ಆ ಏಪ್ರಿಲ್‌ನಲ್ಲಿ ಕೈಗೆ ಬಂದದ್ದು 1,12,000 ರೂಪಾಯಿ. ಸೂತ್ರ ಹಾಕಿದೆವು: ಅಗತ್ಯಕ್ಕೆ 56,000, ಬಯಕೆಗೆ 33,600, ಉಳಿತಾಯಕ್ಕೆ 22,400. ಅಗತ್ಯದ ಪಾಲು ಮೊದಲೇ ಜಾರಿತು, ಏಕೆಂದರೆ ಶಾಲೆಯ ಮೂರು ತಿಂಗಳ ಶುಲ್ಕ 18,000 ಕಟ್ಟುವ ಸರದಿ ಏಪ್ರಿಲ್ ತಿಂಗಳದು. ಅದು ಉಳಿತಾಯದ ಪಾಲಿಗೆ ಕೈಹಾಕಿ, ಕೊನೆಗೆ ಉಳಿದದ್ದು ಸುಮಾರು 7,000. ಬಯಕೆಯ 33,600 ಮಾತ್ರ ಒಂದು ರೂಪಾಯಿ ಕಡಿಮೆಯಾಗದೆ ಖರ್ಚಾಯಿತು. ಊರಿಗೆ ಹೋಗಲು ರೈಲು ಟಿಕೆಟ್ಟು, ನೆಂಟರಿಷ್ಟರಿಗೆ ಬಟ್ಟೆ, ಮಗಳಿಗೊಂದು ಸೈಕಲ್ಲು. ಇವೆಲ್ಲ ದುಂದು ಎನ್ನುವಂಥವಲ್ಲ. ಆದರೆ ಸೂತ್ರ ಅದನ್ನು ನಮ್ಮ ಹಕ್ಕು ಎಂಬಂತೆ ಬರೆದುಕೊಟ್ಟಿತ್ತು, ನಾವು ಹಾಗೆಯೇ ಖರ್ಚು ಮಾಡಿದೆವು.

ಮೇ ತಿಂಗಳಲ್ಲಿ 48,000 ಬಂತು, ಜೂನ್‌ನಲ್ಲಿ 36,000. ಜೂನ್ ತಿಂಗಳ ಅರ್ಧವೆಂದರೆ 18,000; ನಮ್ಮ ಮನೆ ಬಾಡಿಗೆಯೇ 22,000. ಸೂತ್ರದ ಪ್ರಕಾರ ಆ ತಿಂಗಳು ನಾವು ಬಾಡಿಗೆಯನ್ನೂ ಪೂರ್ತಿ ಕೊಡದೆ, ಅನ್ನವನ್ನೂ ಉಣ್ಣದೆ, 10,800 ರೂಪಾಯಿಯ ಬಯಕೆಗಳನ್ನು ಪೂರೈಸಿಕೊಳ್ಳಬೇಕಿತ್ತು! ನಗು ಬಂತು, ಆಮೇಲೆ ಕ್ರೆಡಿಟ್ ಕಾರ್ಡು ಹೊರಬಂತು. ಪೂರ್ತಿ ತೀರಿಸದೆ ಬಿಟ್ಟ ಬಾಕಿಯ ಮೇಲೆ ತಿಂಗಳಿಗೆ ಶೇಕಡ 3ಕ್ಕೂ ಮೀರಿದ ಬಡ್ಡಿ ಬೀಳುತ್ತದೆ ಎಂಬುದು ಗೊತ್ತಿದ್ದೂ, ಎರಡು ತಿಂಗಳ ದಿನಸಿ ಅದರ ಮೇಲೆಯೇ ನಡೆಯಿತು.

ಶೇಕಡಾವಾರು ಸೂತ್ರ ಏಕೆ ಹೀಗೆ ಕೈಕೊಟ್ಟಿತೆಂದು ಬಿಡಿಸಿ ನೋಡಿದರೆ ಕಾರಣ ಸರಳ. ಬಾಡಿಗೆ, ಹಾಲು, ಶಾಲೆ, ಔಷಧಿ ಇವು ಆದಾಯದ ಜೊತೆ ಏರಿಳಿಯುವುದಿಲ್ಲ. ಪ್ರತಿ ತಿಂಗಳ ಆದಾಯವನ್ನೂ ಒಂದೊಂದು ಪೂರ್ಣ ಜೀವನವೆಂಬಂತೆ ಪಾಲು ಮಾಡಿದಾಗ, ಒಳ್ಳೆಯ ತಿಂಗಳು ತನ್ನನ್ನು ಶ್ರೀಮಂತನೆಂದು ತಿಳಿಯುತ್ತದೆ, ಕೆಟ್ಟ ತಿಂಗಳು ಅಪರಾಧಿಯಾಗಿ ನಿಲ್ಲುತ್ತದೆ. ನಿಜಕ್ಕೂ ಏಪ್ರಿಲ್ ತಿಂಗಳ ಹಣದಲ್ಲಿ ಜೂನ್ ತಿಂಗಳ ಅಕ್ಕಿ ಸೇರಿತ್ತು. ನಾವು ಅದನ್ನು ಬಯಕೆಯ ಖಾತೆಗೆ ಬರೆದಿದ್ದೆವು.

ಜುಲೈ ತಿಂಗಳಲ್ಲಿ ಇನ್ನೊಂದು ತುದಿಗೆ ಜಿಗಿದೆವು: ಶೂನ್ಯಾಧಾರಿತ ಆಯವ್ಯಯ, ಸುಲಭವಾಗಿ ಹೇಳುವುದಾದರೆ ಸೊನ್ನೆಯ ಲೆಕ್ಕ. ಈ ಹೆಸರಿನ ಮೂಲ ಮನೆವಾರ್ತೆಯಲ್ಲ, ಕಂಪನಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಪೀಟರ್ ಪೈರ್ ಎಂಬುವರು 1970ರಲ್ಲಿ ಅದರ ಬಗ್ಗೆ ಬರೆದರು. ಜಾರ್ಜಿಯಾದ ಗವರ್ನರ್ ಆಗಿದ್ದ ಜಿಮ್ಮಿ ಕಾರ್ಟರ್ ಅದನ್ನು ತಮ್ಮ ರಾಜ್ಯಕ್ಕೆ, ಅಧ್ಯಕ್ಷರಾದ ಮೇಲೆ ಒಕ್ಕೂಟ ಸರ್ಕಾರಕ್ಕೆ ತಂದರು. 1980ರ ದಶಕದಲ್ಲಿ ನಮ್ಮ ಕೇಂದ್ರ ಸರ್ಕಾರದ ಇಲಾಖೆಗಳೂ ಅದನ್ನು ಪ್ರಯೋಗಿಸಿದವು. ಹೋದ ವರ್ಷ ಇಷ್ಟು ಖರ್ಚಾಯಿತು, ಆದ್ದರಿಂದ ಈ ವರ್ಷ ಇನ್ನಷ್ಟು ಕೊಡಿ ಎನ್ನುವಂತಿಲ್ಲ. ಪ್ರತಿಯೊಂದು ಖರ್ಚೂ ಸೊನ್ನೆಯಿಂದ ತನ್ನನ್ನು ಸಮರ್ಥಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಮನೆಗೆ ಬರುವಾಗ ಅದರ ಅರ್ಥ ಸ್ವಲ್ಪ ಮಗ್ಗುಲು ಬದಲಿಸಿದೆ. ಬಂದ ಹಣದ ಪ್ರತಿ ರೂಪಾಯಿಗೂ ಮೊದಲೇ ಒಂದು ಕೆಲಸ ಹಚ್ಚಿ, ಆದಾಯದಿಂದ ಹಂಚಿಕೆಯನ್ನು ಕಳೆದರೆ ಉತ್ತರ ಸೊನ್ನೆಯಾಗಬೇಕು. ಉಳಿತಾಯವೂ ಒಂದು ಹಂಚಿಕೆಯೇ ಆದ್ದರಿಂದ ಸೊನ್ನೆ ಎಂದರೆ ಕೈ ಬರಿದಾಗುವುದಲ್ಲ. ನಮ್ಮ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ಹಾಲಿನ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಚೀಟಿಯ ದುಡ್ಡು ಇಡುತ್ತಿದ್ದದ್ದು ಇದಕ್ಕೆ ತೀರ ಹತ್ತಿರದ ನೆಂಟ.

ನಾವು ಉತ್ಸಾಹದಲ್ಲಿ 31 ಬಾಬತ್ತುಗಳ ಪಟ್ಟಿ ಮಾಡಿದೆವು. ತಪ್ಪು ಮಾಡಿದ್ದು ಪಟ್ಟಿಯ ಉದ್ದದಲ್ಲಲ್ಲ, ಅದರ ಮೊದಲ ಸಾಲಿನಲ್ಲಿ. ಜುಲೈ ತಿಂಗಳಲ್ಲಿ ನಿಜವಾಗಿ ಕೈಗೆ ಬಂದದ್ದು 61,000. ಒಂದು ಕಡೆಯಿಂದ 45,000 ರೂಪಾಯಿಯ ಬಿಲ್ಲು ಅದೇ ತಿಂಗಳ ಇಪ್ಪತ್ತರೊಳಗೆ ಬರಬೇಕಿತ್ತು. ಆದಾಯದ ಸಾಲಿನಲ್ಲಿ 1,06,000 ಎಂದು ಬರೆದು, ಅಷ್ಟಕ್ಕೂ ಕೆಲಸ ಹಚ್ಚಿದೆವು: ಬಾಡಿಗೆ, ಕಾರ್ಡಿನ ಬಾಕಿ, ಶಾಲೆಯ ಮುಂದಿನ ಕಂತು, ಸಾಗರದ ಅಪ್ಪಯ್ಯನ ಔಷಧಿಗೆ ತಿಂಗಳು ತಿಂಗಳು ಕಳಿಸುವ 5,000. ಉತ್ತರ ಸೊನ್ನೆ ಬಂತು, ಹಾಳೆ ನೋಡಲು ಅಂದವಾಗಿತ್ತು. ಆ 45,000 ಕೈಸೇರಿದ್ದು ಅಕ್ಟೋಬರಿನಲ್ಲಿ.

ನಡುವೆ ಏನಾಯಿತೆಂದರೆ, ಪಟ್ಟಿಯಲ್ಲಿ ಮೇಲಿದ್ದವರಿಗೆ ಹಣ ಸಿಕ್ಕಿತು, ಕೆಳಗಿದ್ದವರಿಗೆ ಸಿಗಲಿಲ್ಲ. ಶಾಲೆಯ ಶುಲ್ಕದ ಸ್ವಯಂ ಪಾವತಿ ಹಣವಿಲ್ಲದೆ ವಾಪಸಾಗಿ, ಬ್ಯಾಂಕಿನ ದಂಡ ಬಿತ್ತು. ಅಪ್ಪಯ್ಯನಿಗೆ ಹಣ ಕಳಿಸಲಾಗಲಿಲ್ಲ. ಫೋನಿನಲ್ಲಿ ಅದನ್ನು ಹೇಗೆ ಹೇಳುವುದೆಂದು ನಾವು ತಡವರಿಸುತ್ತಿರುವಾಗ ಅವರೇ, “ಈ ತಿಂಗಳು ಕಳಿಸೂದು ಬೇಡ, ಇಲ್ಲಿ ಎಲ್ಲ ನಡೀತದೆ” ಎಂದುಬಿಟ್ಟರು. ಆಗಸ್ಟಿನಲ್ಲೂ ಅದೇ ಮಾತು. ದರ ಏರಲೆಂದು ಅಟ್ಟದ ಮೇಲೆ ಇಟ್ಟಿದ್ದ ಎರಡು ಮೂಟೆ ಅಡಿಕೆಯನ್ನು ಅವರು ಆ ತಿಂಗಳು ಇದ್ದ ದರಕ್ಕೇ ಕೊಟ್ಟರೆಂಬುದು ದಸರಾದ ಹೊತ್ತಿಗೆ ಅಮ್ಮನ ಬಾಯಿಂದ ತಿಳಿಯಿತು. ಎಷ್ಟು ನಷ್ಟವಾಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಮ್ಮ ಹಾಳೆಯಲ್ಲಿದ್ದ ದೋಷವನ್ನು ತೋರಿಸಿಕೊಟ್ಟವರು ರಾಮಕೃಷ್ಣಪುರದ ಕರ್ನಾಟಕ ಸಂಘದ ಕಾರ್ಯಕ್ರಮವೊಂದರಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರು. ಕೇಂದ್ರ ಸರ್ಕಾರದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫೋನಿನಲ್ಲಿದ್ದ ಪಟ್ಟಿಯನ್ನು ಕನ್ನಡಕ ಮೇಲೆತ್ತಿ ಒಮ್ಮೆ ನೋಡಿದರು. “ಭಾರತ ಸರ್ಕಾರವೇ ನಗದು ಲೆಕ್ಕ ಇಟ್ಟುಕೊಂಡಿದೆ. ಖಜಾನೆಗೆ ಬಂದದ್ದೇ ಬಂದದ್ದು, ಹೋದದ್ದೇ ಹೋದದ್ದು. ನೀವು ಬರಬೇಕಾದದ್ದನ್ನು ಬಂದದ್ದು ಅಂತ ಬರೆದು, ಅದಕ್ಕೆ ಬಾಬತ್ತು ಬೇರೆ ಹಚ್ಚಿದ್ದೀರಿ. ನೀವು ಸರ್ಕಾರಕ್ಕಿಂತ ಧೈರ್ಯಸ್ಥರು” ಎಂದರು. ಮಾತಿನಲ್ಲಿ ಚುಚ್ಚಿತ್ತು, ಆದರೆ ಸರಿಯಾದ ಜಾಗಕ್ಕೆ ಚುಚ್ಚಿತ್ತು.

ಸಂಬಳದ ಮನೆಯಲ್ಲಿ ಈ ತಪ್ಪು ತಪ್ಪಾಗಿ ಕಾಣಿಸುವುದೇ ಇಲ್ಲ. ಮೂವತ್ತನೆಯ ತಾರೀಖು ಬರಲಿರುವ ಹಣವನ್ನು ಇಪ್ಪತ್ತೈದಕ್ಕೇ ಹಂಚಿದರೂ ಅದು ಬಂದೇ ಬರುತ್ತದೆ. ಆದಾಯ ಏರಿಳಿಯುವ ಮನೆಯಲ್ಲಿ ಸೊನ್ನೆಯ ಲೆಕ್ಕ ನಿಲ್ಲಬೇಕಾದರೆ ಅದು ಖಾತೆಯಲ್ಲಿ ಬಿದ್ದಿರುವ ಹಣದ ಮೇಲೆ ಮಾತ್ರ ನಿಲ್ಲಬೇಕು. ಆದರೆ ಅಷ್ಟರಿಂದಲೂ ಪೂರ್ತಿ ಪರಿಹಾರವಿಲ್ಲ. ಜೂನ್ ತಿಂಗಳ 36,000ವನ್ನು ಎಷ್ಟು ನಿಷ್ಠೆಯಿಂದ ಹಂಚಿದರೂ ಅದು 59,500 ಆಗುವುದಿಲ್ಲ. (ಆ ಅಂಕಿ ಎಲ್ಲಿಂದ ಬಂತೆಂದು ಈಗ ಹೇಳುತ್ತೇವೆ.) ಹಣವನ್ನು ತಲೆಗಳ ನಡುವೆ ಹಂಚುವ ಮೊದಲು ತಿಂಗಳುಗಳ ನಡುವೆ ಹಂಚಬೇಕಿತ್ತು. ಎರಡು ಪದ್ಧತಿಗಳಲ್ಲಿ ಯಾವುದೂ ತಾನಾಗಿ ಅದನ್ನು ಮಾಡಿಕೊಡುವುದಿಲ್ಲ.

ಇದನ್ನು ಮಾಡುವುದು ಹೇಗೆಂದು ನಮಗೆ ನೆನಪಾದದ್ದು ಅಪ್ಪಯ್ಯನ ಮನೆಯಿಂದಲೇ. ಅಡಿಕೆಯ ಮನೆಗೆ ವರ್ಷಕ್ಕೊಂದು ಕೊಯ್ಲಿನ ಕಾಲ. ಹಣ ಬರುವುದು ಮಾರಿದಾಗ, ಒಂದೆರಡು ಗಂಟಿನಲ್ಲಿ. ಖರ್ಚು ಮಾತ್ರ ಹನ್ನೆರಡು ತಿಂಗಳು. ಶಿವಮೊಗ್ಗ, ಸಾಗರ, ಶಿರಸಿಯ ಕಡೆಯ ಬೆಳೆಗಾರರು ಅಡಿಕೆಯನ್ನು ಸಹಕಾರಿ ಸಂಘಕ್ಕೆ ಹಾಕಿ, ಹಣವನ್ನು ಅಲ್ಲಿನ ತಮ್ಮ ಖಾತೆಯಲ್ಲೇ ಬಿಟ್ಟು, ಬೇಕಾದಾಗ ಬೇಕಾದಷ್ಟು ತೆಗೆಯುವುದು ಹಳೆಯ ರೂಢಿ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸೊಸೈಟಿಯಂಥವು ಬೆಳೆದದ್ದು ಈ ರೂಢಿಯ ಜೊತೆಯಲ್ಲೇ. ಮನೆಯೊಳಗೆ ಭತ್ತದ ಕಣಜ ಇತ್ತು. ಸುಗ್ಗಿಯಲ್ಲಿ ತುಂಬಿದ ಕಣಜದಿಂದ ಅಜ್ಜಿ ಎಂದೂ ಕಂಡಾಪಟ್ಟೆ ತೆಗೆಯುತ್ತಿರಲಿಲ್ಲ. ತಿಂಗಳಿಗಿಷ್ಟು ಎಂದು ಅಳೆದು ಮಿಲ್ಲಿಗೆ ಕಳಿಸುತ್ತಿದ್ದರು. ಕಣಜ ತುಂಬಿದೆಯೆಂದು ಸುಗ್ಗಿಯ ತಿಂಗಳಲ್ಲಿ ಮನೆಯವರು ಎರಡರಷ್ಟು ಉಂಡದ್ದಿಲ್ಲ. ಶೇಕಡ 30ರ ಹಕ್ಕನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

2024ರ ಯುಗಾದಿಯ ವಾರದಲ್ಲಿ ನಾವಿಬ್ಬರೂ ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ವಿವರಣೆಯನ್ನು ಮುಂದಿಟ್ಟುಕೊಂಡು ಕೂತೆವು. ಮೊದಲು ಹುಡುಕಿದ್ದು ಮನೆಯ ಎಲುಬಿನ ಖರ್ಚನ್ನು, ಎಂದರೆ ಯಾವ ತಿಂಗಳೂ ತಪ್ಪಿಸಲಾಗದ್ದನ್ನು. ಇಲ್ಲಿ ಒಂದು ಎಚ್ಚರ ಬೇಕು. ಮೂರು ತಿಂಗಳಿಗೊಮ್ಮೆ ಬರುವ ಶಾಲೆಯ ಶುಲ್ಕವನ್ನು, ವರ್ಷಕ್ಕೊಮ್ಮೆ ಬರುವ ಆರೋಗ್ಯ ವಿಮೆಯ ಕಂತನ್ನು ತಿಂಗಳಿಗೆ ಇಳಿಸಿ ಬರೆಯಬೇಕು. ಶಾಲೆ ತಿಂಗಳಿಗೆ 6,000, ವಿಮೆ 2,000, ಬೇಸಗೆ ಚಳಿಗಾಲ ಸೇರಿಸಿದ ಸರಾಸರಿ ವಿದ್ಯುತ್ತು 3,000 ಎಂದು. ಹಾಗೆ ಮಾಡಿದಾಗ ಬಾಡಿಗೆ, ದಿನಸಿ, ಅಪ್ಪಯ್ಯನ ಔಷಧಿ ಎಲ್ಲ ಸೇರಿ ಎಲುಬು 59,500 ಆಯಿತು. ವರ್ಷದ ಒಟ್ಟು ಆದಾಯ 8,80,000. ತಿಂಗಳಿಗೆ ಸರಾಸರಿ 73,000ಕ್ಕೆ ಸ್ವಲ್ಪ ಮೇಲೆ. ಸರಾಸರಿ ಎಲುಬಿಗಿಂತ ಹೆಚ್ಚಿದೆ, ಆದ್ದರಿಂದ ಈ ಸಂಸಾರ ನಡೆಯಬಲ್ಲದು. ಅತಿ ಕಡಿಮೆಯ ತಿಂಗಳು ಎಲುಬಿಗಿಂತ ಬಹಳ ಕೆಳಗಿದೆ, ಆದ್ದರಿಂದ ಕಣಜವಿಲ್ಲದೆ ನಡೆಯಲಾರದು. ಎರಡು ಪದ್ಧತಿಗಳ ನಡುವೆ ಆರಿಸುವ ಮುನ್ನ ಯಾವ ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನಮಗೆ ಈಗ ತೋರುತ್ತದೆ. ಅತಿ ಬಡ ತಿಂಗಳೂ ಎಲುಬನ್ನು ಹೊರುವ ಮನೆಯಾದರೆ ಶೇಕಡಾವಾರು ಸೂತ್ರವೇ ಸಾಕು, ಅದು ಸುಲಭ, ತಲೆನೋವಿಲ್ಲ. ಹೊರದಿದ್ದರೆ ಸೊನ್ನೆಯ ಲೆಕ್ಕ, ಅದೂ ಕಣಜದ ಹಿಂದೆ.

ಆಮೇಲೆ ಕಣಜಕ್ಕೆಂದೇ ಇನ್ನೊಂದು ಉಳಿತಾಯ ಖಾತೆ ತೆರೆದೆವು. ಅನುವಾದದ ಹಣ, ಪಾಠದ ಹಣ, ಎಲ್ಲವೂ ಮೊದಲು ಅಲ್ಲಿಗೇ ಹೋಗಬೇಕು. ಪ್ರತಿ ತಿಂಗಳ ಒಂದನೇ ತಾರೀಖು ಅಲ್ಲಿಂದ ಮನೆಯ ಖಾತೆಗೆ ಒಂದೇ ಮೊತ್ತ ಸಂಬಳದಂತೆ ಬರಬೇಕು. ಆ ಮೊತ್ತ ಎಷ್ಟು? ಸರಾಸರಿಯಾದ 73,000ವನ್ನೇ ಸಂಬಳವೆಂದುಕೊಂಡರೆ ವರ್ಷದ ಕೊನೆಗೆ ಕಣಜ ಮತ್ತೆ ಬರಿದು. ಒಂದು ಬಿಲ್ಲು ತಡವಾದರೂ ಸಾಲ. ಎಲುಬಿನ ಮೇಲೆ ಸ್ವಲ್ಪ ಮಾಂಸವಿರಲೆಂದು 64,000 ಎಂದು ನಿಗದಿ ಮಾಡಿದೆವು.

ನಂತರ ಕುತೂಹಲಕ್ಕೆ, ಕಳೆದ ವರ್ಷವೇ ಹೀಗೆ ನಡೆದಿದ್ದರೆ ಏನಾಗುತ್ತಿತ್ತೆಂದು ತಿಂಗಳು ತಿಂಗಳಾಗಿ ಕೂಡಿ ಕಳೆದೆವು. ಏಪ್ರಿಲ್ ಮುಗಿದಾಗ ಕಣಜದಲ್ಲಿ 48,000. ಮೇ ಮುಗಿದಾಗ 32,000. ಜೂನ್ ಮುಗಿದಾಗ 4,000. ಜುಲೈ ಕೊನೆಗೆ 1,000. ಅಲ್ಲಿಂದ ಏರಿ, ಮಾರ್ಚ್ ಕೊನೆಗೆ 1,12,000! ಅದೇ ಆದಾಯ, ಅದೇ ಬಾಡಿಗೆ. ಕಾರ್ಡಿನ ಬಡ್ಡಿ ಇಲ್ಲ, ವಾಪಸಾದ ಶುಲ್ಕವಿಲ್ಲ, ಅಟ್ಟದ ಮೇಲಿನ ಎರಡು ಮೂಟೆ ಅಲ್ಲೇ ಇರುತ್ತಿದ್ದವು. ಆ ಸಂಜೆ ನಮ್ಮಿಬ್ಬರ ನಡುವೆ ಬಹಳ ಹೊತ್ತು ಮಾತು ಬೆಳೆಯಲಿಲ್ಲ.

ಆದರೆ ಜುಲೈ ತಿಂಗಳ ಆ 1,000 ನಮ್ಮನ್ನು ಎಚ್ಚರಿಸಿತು. ಲೆಕ್ಕ ಗೆದ್ದದ್ದು ಏಪ್ರಿಲ್ ತಿಂಗಳಿಂದ ಶುರುವಾದ ಕಾರಣಕ್ಕೆ ಮಾತ್ರ. ಅದೇ ವರ್ಷ ಮೇ ತಿಂಗಳಲ್ಲಿ ಬರಿಗೈಯಲ್ಲಿ ಶುರು ಮಾಡಿದ್ದರೆ ಜುಲೈ ಹೊತ್ತಿಗೆ 47,000 ಸಾಲದಲ್ಲಿ ಇರುತ್ತಿದ್ದೆವು. ಅದರ ಮೇಲೆ 45,000ದ ಬಿಲ್ಲೊಂದು ಹಿಂದುಳಿದರೆ 92,000. ಹೀಗಾಗಿ ನಮ್ಮ ಮನೆಯ ಕಣಜ ಎಷ್ಟು ಆಳವಿರಬೇಕೆಂಬುದಕ್ಕೆ ಉತ್ತರ ಸಿಕ್ಕಿತು: ಬೇಸಗೆಗೆ ಕಾಲಿಡುವಾಗ ಒಂದು ಲಕ್ಷ. ಆರು ತಿಂಗಳ ಖರ್ಚು ಕೂಡಿಡಿ ಎಂಬ ಸಾಮಾನ್ಯ ಸಲಹೆಗಿಂತ ಇದು ಚಿಕ್ಕದು, ಕೆಲಸವೂ ಬೇರೆ. ಇದು ಕಾಯಿಲೆಗೆ, ಕೆಲಸ ಹೋದದ್ದಕ್ಕೆ ಇಡುವ ಆಪತ್ತಿನ ಹಣವಲ್ಲ. ಅದನ್ನು ಇನ್ನೊಂದು ಕಡೆ ನಿಧಾನವಾಗಿ ಕಟ್ಟಬೇಕು. ಕಣಜ ಖಾಲಿಯಾಗುತ್ತ ತುಂಬುತ್ತ ಇರುವುದೇ ಅದರ ಕೆಲಸ.

ಈ ಖಾತೆಗೆ ಬರುವ ಕೆಲವು ಹಣ ವೇಷ ಹಾಕಿಕೊಂಡು ಬರುತ್ತವೆ. ಅನುವಾದದ ಬಿಲ್ಲಿನಲ್ಲಿ ಕೆಲವು ಕಡೆ ಶೇಕಡ 10 ತೆರಿಗೆಯೆಂದು ಮೊದಲೇ ಹಿಡಿಯುತ್ತಾರೆ. ಆ ವರ್ಷ ನಮ್ಮ ಆದಾಯಕ್ಕೆ ತೆರಿಗೆ ಬೀಳುತ್ತಿರಲಿಲ್ಲವಾದ್ದರಿಂದ ವಿವರಪತ್ರ ಸಲ್ಲಿಸಿದ ಮೇಲೆ 31,000 ಮರುಪಾವತಿಯಾಗಿ ಆಗಸ್ಟಿನಲ್ಲಿ ಬಂತು. ಆಗ ಅದನ್ನು ಅನಿರೀಕ್ಷಿತ ಬಹುಮಾನವೆಂದು ಸಂಭ್ರಮಿಸಿದ್ದೆವು. ಅದು ಹಿಂದಿನ ವರ್ಷದ ಕೂಲಿ, ದಾರಿಯಲ್ಲಿ ತಡವಾಗಿತ್ತು ಅಷ್ಟೆ.

ಮನೆಯ ಖಾತೆಗೆ ಬಂದ 64,000ದ ಮೇಲೆ ಸೊನ್ನೆಯ ಲೆಕ್ಕ ನಡೆಯುತ್ತದೆ. 31 ಬಾಬತ್ತುಗಳು 9 ಡಬ್ಬಿಗಳಾಗಿವೆ. ಹಳೆಯ ಪಟ್ಟಿಯಲ್ಲಿ ಕಾಫಿಪುಡಿಗೊಂದು, ಹೂವಿಗೊಂದು ಸಾಲಿತ್ತು. ಕರೋಲ್ ಬಾಗಿನಲ್ಲಿ ತಿಂದ ಮಸಾಲೆ ದೋಸೆಯನ್ನು ‘ಹೊರಗಿನ ಊಟ’ಕ್ಕೆ ಹಾಕುವುದೋ ‘ಪ್ರಯಾಣ’ಕ್ಕೆ ಹಾಕುವುದೋ ಎಂದು ಜಗಳವಾದ ಮೇಲೆ ಅವೆಲ್ಲ ‘ಅಡುಗೆಮನೆ’ಯೊಳಗೆ ಸೇರಿದವು. ಶಾಲೆ, ವಿಮೆ, ವಿದ್ಯುತ್ತಿನ ಡಬ್ಬಿಗಳಲ್ಲಿ ಹಣ ಮುಂದಿನ ತಿಂಗಳಿಗೆ ಉರುಳಿ ನಿಲ್ಲುತ್ತದೆ, ಹೀಗಾಗಿ ಮೇ ತಿಂಗಳ 5,500ರ ಬಿಲ್ಲಿಗೆ ಫೆಬ್ರವರಿಯೇ ದುಡ್ಡು ಕೂಡಿಟ್ಟಿರುತ್ತದೆ. ಕೊನೆಗೆ ಉಳಿಯುವ 4,500 ನಮ್ಮ ಬಯಕೆಯ ಡಬ್ಬಿ. ಒಂದು ಡಬ್ಬಿ ಮುಗಿದರೆ ಇನ್ನೊಂದರಿಂದ ತೆಗೆಯಬಹುದು, ಆದರೆ ಎಲ್ಲಿಂದ ತೆಗೆದೆವೆಂದು ಬರೆಯಬೇಕು. ಕಣಜಕ್ಕೆ ಮಾತ್ರ ತಿಂಗಳ ನಡುವೆ ಕೈಹಾಕುವಂತಿಲ್ಲ. ತಿಂಗಳಿಗೆ ಒಂದು ಗಂಟೆಯ ಕೆಲಸ. ಎರಡು ವಾರ ಬರೆಯದೆ ಬಿಟ್ಟರೆ, ಅಥವಾ ‘ಇತರೆ’ ಎಂಬ ಡಬ್ಬಿ ಎಲ್ಲಕ್ಕಿಂತ ದಪ್ಪಗಾಗುತ್ತಿದ್ದರೆ, ಲೆಕ್ಕ ಸತ್ತಿದೆ, ಹೆಣವನ್ನಷ್ಟೇ ಇಟ್ಟುಕೊಂಡಿದ್ದೇವೆ ಎಂದು ಅರ್ಥ. ಎರಡೂ ನಮಗೆ ಒಮ್ಮೊಮ್ಮೆ ಆಗಿವೆ.

ಈಗ ಐವತ್ತು–ಮೂವತ್ತು–ಇಪ್ಪತ್ತಕ್ಕೆ ಮರಳಿ ಬರುವುದು ನ್ಯಾಯ, ಏಕೆಂದರೆ ನಾವು ಅದನ್ನು ಬಿಟ್ಟುಬಿಡಲಿಲ್ಲ. ವರ್ಷಕ್ಕೊಮ್ಮೆ ಕನ್ನಡಿಯಂತೆ ಅದರ ಮುಂದೆ ನಿಲ್ಲುತ್ತೇವೆ. 2023–24ನ್ನು ಕಣಜದ ಲೆಕ್ಕದಲ್ಲಿ ಇಟ್ಟು ನೋಡಿದಾಗ ಕನ್ನಡಿ ತೋರಿದ್ದು 81–6–13. ಅಗತ್ಯಕ್ಕೆ ಐವತ್ತಲ್ಲ, ಎಂಬತ್ತೊಂದು! ಸೊನ್ನೆಯ ಲೆಕ್ಕ ಇದನ್ನು ಎಂದೂ ಹೇಳುತ್ತಿರಲಿಲ್ಲ. ಉತ್ತರ ಸೊನ್ನೆ ಬಂದರೆ ಅದಕ್ಕೆ ತೃಪ್ತಿ. ಆ ಸೊನ್ನೆಯೊಳಗೆ ಬಾಡಿಗೆ ಕತ್ತು ಹಿಸುಕುತ್ತಿದೆಯೇ ಎಂದು ಅದು ಕೇಳುವುದಿಲ್ಲ. ವಾರನ್ ತಾಯಿ-ಮಗಳು 2003ರ ತಮ್ಮ ಹಿಂದಿನ ಪುಸ್ತಕದಲ್ಲಿ ಬರೆದದ್ದೇ ತಪ್ಪಿಸಲಾಗದ ಖರ್ಚು ಹೆಚ್ಚಾದ ಸಂಸಾರಗಳು ಒಂದು ಏಟಿಗೆ ಮುರಿದು ಬೀಳುವುದರ ಬಗ್ಗೆ. ಆ ಹಿನ್ನೆಲೆಯಲ್ಲಿ ಓದಿದರೆ ಐವತ್ತು ಎಂಬುದು ಖರ್ಚು ಮಾಡಲು ಕೊಟ್ಟ ಅನುಮತಿಯಲ್ಲ, ಹೊರೆಗೆ ಹಾಕಿದ ಮಿತಿ. ಹಾಗೆಂದು ನಮ್ಮಂಥ ಆದಾಯದವರು ಈ ನಗರದ ಸುತ್ತ ಬಾಡಿಗೆ ಕೊಟ್ಟುಕೊಂಡು ಆ ಮಿತಿಯನ್ನು ಮುಟ್ಟುತ್ತಾರೆಂದು ನಾವು ನಂಬುವುದಿಲ್ಲ. ನಮಗೆ ಬೇಕಾದದ್ದು 81 ಮುಂದಿನ ವರ್ಷ 78 ಆಗುತ್ತದೆಯೇ, 85 ಆಗುತ್ತದೆಯೇ ಎಂಬ ದಿಕ್ಕು.

ಕನ್ನಡಿ ನೋಡಿ ಮಾಡಿದ ಬದಲಾವಣೆ ಖರ್ಚಿನಲ್ಲಲ್ಲ, ಆದಾಯ ಬರುವ ರೀತಿಯಲ್ಲಿ. ಪಾಠದ ಶುಲ್ಕವನ್ನು ತಿಂಗಳ ಲೆಕ್ಕ ಬಿಟ್ಟು ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಪಡೆಯಲು ಶುರು ಮಾಡಿದೆವು. ರಜೆಯ ವಾರಗಳಿಗೆ ಬದಲಾಗಿ ಉಳಿದ ಕಾಲದಲ್ಲಿ ಹೆಚ್ಚಿನ ತರಗತಿ. ಇಬ್ಬರು ಪೋಷಕರು ಒಪ್ಪದೆ ಮಕ್ಕಳನ್ನು ಬಿಡಿಸಿಕೊಂಡರು, ಉಳಿದವರು ತಮಗೂ ಇದೇ ಅನುಕೂಲವೆಂದರು. ದೊಡ್ಡ ಅನುವಾದಗಳಿಗೆ ಕೆಲಸ ಶುರುವಾಗುವ ಮುನ್ನ ಮೂರನೇ ಒಂದು ಭಾಗ ಕೇಳುತ್ತೇವೆ. ಎಲ್ಲರೂ ಕೊಡುವುದಿಲ್ಲ. ಕೊಡದವರ ಬಿಲ್ಲನ್ನು ಹಣ ಬರುವ ದಿನದವರೆಗೆ ನಮ್ಮ ಹಾಳೆಯಲ್ಲಿ ಎಲ್ಲೂ ಬರೆಯುವುದಿಲ್ಲ.

2024ರ ಬೇಸಗೆ ಇದಕ್ಕೆ ಮೊದಲ ಪರೀಕ್ಷೆ. ಮಾರ್ಚಿನಲ್ಲಿ ಬಂದ ಹಣದಲ್ಲಿ ಕಾರ್ಡಿನ ಬಾಕಿ ತೀರಿಸಿ ಉಳಿದದ್ದರಲ್ಲಿ ಏಪ್ರಿಲ್ ಕಳೆದೆವು. ಏಪ್ರಿಲ್‌ನಲ್ಲಿ ಬಂದದ್ದು ಕಣಜದ ಮೊದಲ ಸುಗ್ಗಿ. ಜೂನ್ ಕೊನೆಗೆ ಅದರಲ್ಲಿ 19,000 ಉಳಿದಿತ್ತು. ಕಣಜ ಒಂದು ತಿಂಗಳ ಎಲುಬಿಗಿಂತ ಕೆಳಗಿಳಿದರೆ ಸಂಬಳವನ್ನು ಎಲುಬಿಗೇ ಇಳಿಸಬೇಕೆಂದು ಮೊದಲೇ ಗೋಡೆಯ ಮೇಲೆ ಬರೆದಿಟ್ಟಿದ್ದೆವು, ಹಣವಿಲ್ಲದಾಗ ವಾದಕ್ಕೆ ಅವಕಾಶ ಬೇಡವೆಂದು. ಮೂರು ತಿಂಗಳು 59,500ರಲ್ಲಿ ನಡೆಯಿತು. ಬಯಕೆಯ ಡಬ್ಬಿ ಪೂರ್ತಿ ಖಾಲಿ. ಮಗಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಮಾಡಿದ ಕೊಬ್ಬರಿ ಮಿಠಾಯಿ. ಅಪ್ಪಯ್ಯನ 5,000 ಮೂರು ತಿಂಗಳೂ ಐದನೇ ತಾರೀಖಿನೊಳಗೆ ಹೋಯಿತು. ಮಾರ್ಚ್ ಕೊನೆಗೆ ಕಣಜದಲ್ಲಿ 94,000 ಇತ್ತು, ನಾವು ಗುರುತು ಹಾಕಿದ್ದ ಒಂದು ಲಕ್ಷಕ್ಕೆ 6,000 ಕಡಿಮೆ.

ಬಗೆಹರಿಯದ ವಿಷಯ ಒಂದಿದೆ. ಅನುವಾದದ ಲ್ಯಾಪ್‌ಟಾಪಿಗೆ ಐದು ವರ್ಷವಾಗಿದೆ, ತಂಬೂರಿಯ ತಂತಿ ಮತ್ತು ಬುರುಡೆಯ ರಿಪೇರಿ ಬಾಕಿಯಿದೆ. ಇವು ಅಗತ್ಯವೋ ಬಯಕೆಯೋ ಎಂದು ಎರಡು ವರ್ಷ ವಾದ ಮಾಡಿ, ಎರಡೂ ಅಲ್ಲ, ಕಸುಬಿನ ಖರ್ಚು ಎಂಬಲ್ಲಿಗೆ ಬಂದು ನಿಂತಿದ್ದೇವೆ. ರೈತ ಬೀಜದ ಭತ್ತವನ್ನು ಕಣಜಕ್ಕೆ ಸುರಿಯುವ ಮುನ್ನವೇ ತೆಗೆದಿಡುವಂತೆ, ಬಂದ ಪ್ರತಿ ಹಣದಲ್ಲೂ ಶೇಕಡ 5 ಕಸುಬಿಗೆ ತೆಗೆದು, ಉಳಿದದ್ದನ್ನೇ ಮನೆಯ ಆದಾಯವೆಂದು ಎಣಿಸಬೇಕು. ಹಾಗೆ ಎಣಿಸಿದರೆ 81 ಎಂಬುದು 85 ಆಗುತ್ತದೆ. ಸಂಗೀತದವರು ಹಾಗೇ ಬರೆಯೋಣ ಎನ್ನುತ್ತಾರೆ. ಅನುವಾದದವರು ಲ್ಯಾಪ್‌ಟಾಪು ಇನ್ನೊಂದು ವರ್ಷ ಬಾಳುತ್ತದೆ ಎನ್ನುತ್ತಾರೆ. ತಂಬೂರಿ ಸದ್ಯಕ್ಕೆ ಮೂರೇ ತಂತಿಯ ಮೇಲೆ ನುಡಿಯುತ್ತಿದೆ.